ಮೂರನೇ ಸೆಕೆಂಡಿನ ಕಲ್ಲು: ಎಪ್ಸಿಲಾನ್ ಕೇಳುತ್ತದೆ, ಡೆಲ್ಟಾ ಉತ್ತರಿಸುತ್ತದೆ

ನ್ಯೂಟನ್ ತೀರಿಕೊಂಡು ಏಳು ವರ್ಷ ಕಳೆದಿತ್ತು. 1734ರಲ್ಲಿ ಐರ್ಲೆಂಡಿನ ತತ್ತ್ವಜ್ಞಾನಿ, ಬಿಷಪ್ ಜಾರ್ಜ್ ಬರ್ಕ್ಲಿ ‘ದಿ ಅನಲಿಸ್ಟ್’ ಎಂಬ ಸಣ್ಣ ಪುಸ್ತಕವೊಂದನ್ನು ಹೊರತಂದರು. ಧರ್ಮದ ನಂಬಿಕೆಗಳಿಗೆ ಪುರಾವೆ ಕೇಳುವ ಗಣಿತಜ್ಞರ ಮೇಲೆ ಅವರಿಗೆ ಸಿಟ್ಟಿತ್ತು. ಕಲನಶಾಸ್ತ್ರದ ಬುಡದಲ್ಲೇ ಪುರಾವೆಯಿಲ್ಲದ ನಂಬಿಕೆಯೊಂದು ಕೂತಿದೆಯಲ್ಲ, ಮೊದಲು ಅದಕ್ಕೆ ಉತ್ತರ ಕೊಡಿ ಎಂಬುದು ಅವರ ಸವಾಲು. ಸಿಟ್ಟಿನ ಕಾರಣ ಏನೇ ಇರಲಿ, ಅವರು ಬೆರಳಿಟ್ಟು ತೋರಿಸಿದ ದೋಷ ನಿಜವಾದದ್ದಾಗಿತ್ತು. ಅದನ್ನು ಸರಿಪಡಿಸಲು ಗಣಿತಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ದೋಷ ಏನೆಂದು ತಿಳಿಯಲು ಬೀಳುವ ಒಂದು ಕಲ್ಲು ಸಾಕು. ಎತ್ತರದಿಂದ ಕೈಬಿಟ್ಟ ಕಲ್ಲು t ಸೆಕೆಂಡಿನಲ್ಲಿ ಸುಮಾರು 5t² ಮೀಟರ್ ಬೀಳುತ್ತದೆ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದು, ಗಾಳಿಯ ತಡೆಯನ್ನು ಬಿಟ್ಟು ಮಾಡಿದ ಲೆಕ್ಕ ಇದು. ಅದರಂತೆ ಮೂರು ಸೆಕೆಂಡಿನಲ್ಲಿ ಕಲ್ಲು 45 ಮೀಟರ್ ಇಳಿದಿರುತ್ತದೆ. ಸರಿಯಾಗಿ ಆ ಮೂರನೇ ಸೆಕೆಂಡು ತುಂಬುವ ಕ್ಷಣದಲ್ಲಿ ಅದರ ವೇಗ ಎಷ್ಟು?

ವೇಗವೆಂದರೆ ದೂರವನ್ನು ಕಾಲದಿಂದ ಭಾಗಿಸಿದ್ದು. ಆದರೆ ಒಂದು ಕ್ಷಣದಲ್ಲಿ ದೂರವೂ ಸೊನ್ನೆ, ಕಾಲವೂ ಸೊನ್ನೆ. ಹಾಗಾಗಿ ಆ ಕ್ಷಣಕ್ಕೆ h ಸೆಕೆಂಡಿನಷ್ಟು ಚೂರು ಕಾಲ ಸೇರಿಸಿ ಸರಾಸರಿ ವೇಗ ತೆಗೆಯುವುದು ವಾಡಿಕೆ. 3 ಸೆಕೆಂಡಿನಿಂದ 3 + h ಸೆಕೆಂಡಿನವರೆಗೆ ಕಲ್ಲು ಕ್ರಮಿಸುವ ದೂರ 5(3 + h)² − 45, ಅಂದರೆ 30h + 5h². ಅದನ್ನು h ನಿಂದ ಭಾಗಿಸಿದರೆ ಸರಾಸರಿ ವೇಗ 30 + 5h. ಈಗ h ಅನ್ನು ಸೊನ್ನೆ ಮಾಡಿದರೆ 30. ಉತ್ತರ ಸೆಕೆಂಡಿಗೆ 30 ಮೀಟರ್.

ಬರ್ಕ್ಲಿ ತಡೆದದ್ದು ಇಲ್ಲೇ. ಭಾಗಿಸುವಾಗ h ಸೊನ್ನೆಯಲ್ಲ ಎಂದಿರಿ, ಇಲ್ಲದಿದ್ದರೆ ಭಾಗಾಕಾರಕ್ಕೆ ಅರ್ಥವೇ ಇರುತ್ತಿರಲಿಲ್ಲ. ಭಾಗಿಸಿ ಮುಗಿದ ಮರುಕ್ಷಣ ಅದೇ h ಸೊನ್ನೆ ಎನ್ನುತ್ತೀರಿ. ಒಂದೇ ಲೆಕ್ಕದಲ್ಲಿ ಒಂದೇ ಸಂಖ್ಯೆ ಎರಡು ವೇಷ ಹಾಕಬಹುದೇ? ಉತ್ತರ 30 ಎಂಬುದು ಸರಿಯೆಂದು ಎಲ್ಲರಿಗೂ ಗೊತ್ತಿತ್ತು. ಅಲ್ಲಿಗೆ ತಲುಪಿದ ದಾರಿ ಮಾತ್ರ ಸಮರ್ಥನೆಗೆ ನಿಲ್ಲುತ್ತಿರಲಿಲ್ಲ.

h ಸೊನ್ನೆ ಆಗುವುದಿಲ್ಲ, ಸೊನ್ನೆಯನ್ನು ‘ಸಮೀಪಿಸುತ್ತದೆ’, ಆಗ 30 + 5h ಎಂಬುದು 30 ಅನ್ನು ‘ಸಮೀಪಿಸುತ್ತದೆ’ ಎಂದು ಹೇಳಿ ಜಾರಿಕೊಳ್ಳಬಹುದು. ಕರ್ನಾಟಕದ ಮೊದಲ ಪಿಯುಸಿ ಗಣಿತದಲ್ಲಿ ಲಿಮಿಟ್ ಪಾಠ ಶುರುವಾಗುವುದು ಇದೇ ಮಾತಿನಿಂದ, ಜೊತೆಗೊಂದು ಕೋಷ್ಟಕದಿಂದ. h ಬೆಲೆ 0.1 ಇದ್ದಾಗ ವೇಗ 30.5, 0.01 ಇದ್ದಾಗ 30.05, 0.001 ಇದ್ದಾಗ 30.005. ಸಂಖ್ಯೆಗಳು ಎತ್ತ ಹೊರಟಿವೆ ಎಂಬುದು ಕಣ್ಣಿಗೇ ಕಾಣುತ್ತದೆ. ಆದರೆ ಯಾರಾದರೂ ಎದ್ದು ನಿಂತು, ಅವು ಹೊರಟಿರುವುದು 30ರ ಕಡೆಗಲ್ಲ, 29.9999ರ ಕಡೆಗೆ ಎಂದರೆ? 30.005 ಎಂಬುದು 29.9999ಕ್ಕೂ ಹತ್ತಿರವೇ ಇದೆ. ಕೋಷ್ಟಕವನ್ನು ಎಷ್ಟು ಸಾಲು ಬೆಳೆಸಿದರೂ ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು. ನಿಲ್ಲಿಸಿದ ಮೇಲೂ ಇಂಥ ತಕರಾರಿಗೆ ಜಾಗ ಉಳಿದೇ ಇರುತ್ತದೆ. ‘ಸಮೀಪ’ ಎಂಬುದಕ್ಕೆ ಅಳತೆಯೇ ಇಲ್ಲದಿರುವುದು ಇದಕ್ಕೆ ಕಾರಣ.

ಅಳತೆ ಕೊಟ್ಟವರು

ಈ ಅಳತೆ ಒಬ್ಬರಿಂದ ಬಂದದ್ದಲ್ಲ. ಪ್ರಾಗ್ ನಗರದ ಬೆರ್ನಾರ್ಡ್ ಬೋಲ್ಜಾನೋ 1817ರಲ್ಲಿ, ಪ್ಯಾರಿಸ್ಸಿನ ಒಗುಸ್ತೆ ಕೋಶಿ 1821ರ ತಮ್ಮ ಪಠ್ಯಪುಸ್ತಕದಲ್ಲಿ ದಾರಿ ತೆರೆದರು. ಕೋಶಿ 1823ರ ಪಾಠಗಳಲ್ಲಿ ಒಂದು ಸಾಧನೆಗಾಗಿ ε (ಎಪ್ಸಿಲಾನ್), δ (ಡೆಲ್ಟಾ) ಎಂಬ ಗ್ರೀಕ್ ಅಕ್ಷರಗಳನ್ನು ಇಂದಿನ ರೀತಿಯಲ್ಲೇ ಬಳಸಿದ್ದರು. ಆದರೂ ಅವರ ವ್ಯಾಖ್ಯೆಯಲ್ಲಿ ‘ಸಮೀಪಿಸುವ’ ಮಾತು ಉಳಿದೇ ಇತ್ತು. ಅದನ್ನು ಪೂರ್ತಿ ಕಿತ್ತುಹಾಕಿ ಬರೀ ಅಸಮತೆಗಳಲ್ಲಿ ಬರೆದವರು ಬರ್ಲಿನ್ನಿನ ಕಾರ್ಲ್ ವೈರ್‌ಸ್ಟ್ರಾಸ್. ಹಲವು ವರ್ಷ ಶಾಲಾ ಮೇಷ್ಟರಾಗಿದ್ದು 1856ರಲ್ಲಿ ಬರ್ಲಿನ್ನಿಗೆ ಬಂದ ಅವರು ಇದನ್ನು ಹೇಳಿಕೊಟ್ಟದ್ದು ತರಗತಿಯಲ್ಲಿ. ಹೊರಜಗತ್ತಿಗೆ ಅದು ತಲುಪಿದ್ದು ಹೆಚ್ಚಾಗಿ ವಿದ್ಯಾರ್ಥಿಗಳ ಟಿಪ್ಪಣಿಗಳ ಮೂಲಕ.

ಅವರ ವ್ಯಾಖ್ಯೆಯನ್ನು ಇಬ್ಬರ ನಡುವಿನ ಪಂಥದಂತೆ ಓದಬಹುದು. ಲಿಮಿಟ್ 30 ಎಂದು ಒಬ್ಬರು ಸಾಧಿಸುತ್ತಾರೆ. ಇನ್ನೊಬ್ಬರು ನಂಬುವುದಿಲ್ಲ. ನಂಬದವರು ಮೊದಲು ಒಂದು ಧನ ಸಂಖ್ಯೆ ಹೇಳುತ್ತಾರೆ, ಅದು ε. ಉತ್ತರವು 30ರಿಂದ ಇದಕ್ಕಿಂತ ಕಡಿಮೆ ಅಂತರದಲ್ಲಿರಬೇಕು ಎಂಬುದು ಅವರ ಷರತ್ತು. ಸಾಧಿಸುವವರು ಅದಕ್ಕೆ ಪ್ರತಿಯಾಗಿ ಇನ್ನೊಂದು ಧನ ಸಂಖ್ಯೆ ಕೊಡಬೇಕು, ಅದು δ. ಆಮೇಲೆ ನಂಬದವರು ಸೊನ್ನೆಯಿಂದ δ ಗಿಂತ ಕಡಿಮೆ ದೂರದಲ್ಲಿರುವ, ಆದರೆ ಸೊನ್ನೆಯಲ್ಲದ ಯಾವ h ಅನ್ನಾದರೂ ಆರಿಸಬಹುದು. ಅವರು ಏನನ್ನೇ ಆರಿಸಲಿ, ವೇಗವು 30ರಿಂದ ε ಒಳಗಿನ ಅಂತರದಲ್ಲೇ ಬರಬೇಕು. ಪ್ರತಿಯೊಂದು ε ಗೂ ಇಂಥ δ ಕೊಡಲು ಸಾಧ್ಯವಾದರೆ, ಆಗ ಮಾತ್ರ ಲಿಮಿಟ್ 30.

ಇಲ್ಲಿ ಸರದಿ ಬಹಳ ಮುಖ್ಯ. ಮೊದಲು ε, ನಂತರ δ, ಕೊನೆಗೆ h. δ ಕೊಡುವವರಿಗೆ ε ಗೊತ್ತಿರುತ್ತದೆ, h ಗೊತ್ತಿರುವುದಿಲ್ಲ. ಬಿಎಸ್ಸಿ ತರಗತಿಯಲ್ಲಿ ಈ ವ್ಯಾಖ್ಯೆಯನ್ನು ಮೊದಲ ಸಲ ಕಾಣುವವರು ಎಡವುವುದು ಹೆಚ್ಚಾಗಿ ಈ ಸರದಿಯಲ್ಲೇ.

ಸರಳರೇಖೆಯ ಸುಲಭ

30 + 5h ಎಂಬುದು ರೇಖಾತ್ಮಕ ಫಂಕ್ಷನ್. ನಕ್ಷೆ ಬರೆದರೆ ಒಂದೇ ಇಳಿಜಾರಿನ ಸರಳರೇಖೆ. h ಎಷ್ಟು ಅಲುಗಿದರೂ ವೇಗ ಅದರ ಐದರಷ್ಟು ಅಲುಗುತ್ತದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸಾಧನೆಯ ಗುಟ್ಟೆಲ್ಲ ಇಷ್ಟರಲ್ಲೇ ಇದೆ.

ಮೊದಲು ರಫ್ ವರ್ಕ್. ಬೇಕಾದದ್ದು ವೇಗಕ್ಕೂ 30ಕ್ಕೂ ಇರುವ ಅಂತರ ε ಗಿಂತ ಕಡಿಮೆ ಇರಬೇಕೆಂಬುದು. ಎರಡು ನೆಟ್ಟ ಗೆರೆಗಳ ನಡುವೆ ಬರೆದ ಸಂಖ್ಯೆಯಲ್ಲಿ ಚಿಹ್ನೆ ಬಿಟ್ಟು ಗಾತ್ರವನ್ನಷ್ಟೇ ನೋಡುವುದು ಎಂಬ ರೂಢಿಯಂತೆ ಈ ಅಂತರ |30 + 5h − 30|, ಅಂದರೆ 5|h|. ಇದು ε ಗಿಂತ ಕಡಿಮೆ ಇರಬೇಕಾದರೆ |h| ಎಂಬುದು ε/5 ಕ್ಕಿಂತ ಕಡಿಮೆ ಇದ್ದರಾಯಿತು. ಆದ್ದರಿಂದ ಕೊಡಬೇಕಾದ δ ಎಂದರೆ ε/5.

ಸಾಧನೆಯನ್ನು ಬರೆಯುವುದು ಇದರ ಹಿಮ್ಮುಖವಾಗಿ. ರಫ್ ವರ್ಕ್ ಬೇಕಾದ ತೀರ್ಮಾನದಿಂದ ಹೊರಟು δ ಅನ್ನು ಹುಡುಕುತ್ತದೆ. ಸಾಧನೆ δ ದಿಂದ ಹೊರಟು ತೀರ್ಮಾನ ಮುಟ್ಟುತ್ತದೆ:

ಯಾವುದೇ ε > 0 ಕೊಟ್ಟಿರಲಿ. δ = ε/5 ಎಂದು ಆರಿಸೋಣ. 0 < |h| < δ ಆಗಿದ್ದರೆ,
|(30 + 5h) − 30| = 5|h| < 5δ = ε.

ಇಷ್ಟೇ. ನಂಬದವರು ε = 0.1 ಎಂದರೆ δ = 0.02 ಸೆಕೆಂಡು. 0.001 ಎಂದರೆ 0.0002 ಸೆಕೆಂಡು. ಅವರು ಇನ್ನೂ ಹೇಳದ ಸಂಖ್ಯೆಗಳಿಗೂ ಉತ್ತರ ಸಿದ್ಧವಾಗಿದೆ. ಕೋಷ್ಟಕಕ್ಕೆ ಸಾಧ್ಯವಾಗದೆ ಹೋದದ್ದು ಇದೇ.

29.9999ರ ತಕರಾರು ಈಗ ಎಲ್ಲಿ ನಿಲ್ಲುತ್ತದೆ ನೋಡಬಹುದು. ಆ ಪಕ್ಷ ಹಿಡಿದವರಿಗೆ ε = 0.00005 ಎಂಬ ಷರತ್ತು ಹಾಕಿದರೆ ಸಾಕು. ವೇಗವು 29.9999ರಿಂದ ಇಷ್ಟು ಅಂತರದೊಳಗೆ ಇರಬೇಕಾದರೆ ಅದು 29.99995ಕ್ಕಿಂತ ಕಡಿಮೆಯಾಗಲೇಬೇಕು. ಆದರೆ h ಧನ ಸಂಖ್ಯೆಯಾಗಿದ್ದರೆ 30 + 5h ಯಾವಾಗಲೂ 30ಕ್ಕಿಂತ ಹೆಚ್ಚು. ಅವರು ಎಷ್ಟು ಚಿಕ್ಕ δ ಕೊಟ್ಟರೂ ಅದರೊಳಗೆ ಧನ h ಗಳು ಇದ್ದೇ ಇರುತ್ತವೆ. ಹೀಗಾಗಿ ಆ ಒಂದು ε ಗೆ ಅವರಿಂದ ಉತ್ತರ ಕೊಡಲಾಗದು. ಲಿಮಿಟ್ ಇದೆಯೆಂದು ಸಾಧಿಸಲು ಎಲ್ಲ ε ಗಳಿಗೂ ಉತ್ತರ ಬೇಕು, ಅಲ್ಲವೆಂದು ತೋರಿಸಲು ಉತ್ತರ ಸಿಗದ ಒಂದೇ ε ಸಾಕು.

ಬರ್ಕ್ಲಿಯವರ ಪ್ರಶ್ನೆಗೂ ಸಮಾಧಾನ ಇಲ್ಲೇ ಸಿಕ್ಕಿತು. 0 < |h| ಎಂಬ ಷರತ್ತಿನಿಂದಾಗಿ ಈ ಸಾಧನೆಯಲ್ಲಿ h ಒಮ್ಮೆಯೂ ಸೊನ್ನೆಯಾಗುವುದಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅದು ಸೊನ್ನೆಯಲ್ಲದ ಸಾಮಾನ್ಯ ಸಂಖ್ಯೆ. 30 ಎಂಬುದು h ಸೊನ್ನೆಯಾದಾಗಿನ ಬೆಲೆ ಎಂದು ಯಾರೂ ಹೇಳುತ್ತಿಲ್ಲ. ಎಲ್ಲ ε ಗಳಿಗೂ ಎದುರು ನಿಲ್ಲಬಲ್ಲ ಸಂಖ್ಯೆ ಅದೊಂದೇ ಎನ್ನುತ್ತಿದ್ದಾರೆ.

ವರ್ಗ ಬಂದಾಗ ತೊಡಕು

ಈಗ ವೇಗವನ್ನು ಬಿಟ್ಟು ದೂರವನ್ನೇ ನೋಡೋಣ. t ಎಂಬುದು 3ರ ಹತ್ತಿರ ಬಂದಂತೆ 5t² ಗೆ ಲಿಮಿಟ್ 45 ಎಂದು ಸಾಧಿಸಬೇಕು. ಮಾತಿನಲ್ಲಿ ಹೇಳಿದರೆ, ಗಡಿಯಾರವನ್ನು ಮೂರನೇ ಸೆಕೆಂಡಿಗೆ ಸಾಕಷ್ಟು ನಿಖರವಾಗಿ ನಿಲ್ಲಿಸಿದರೆ ಕಲ್ಲು 45 ಮೀಟರಿನಿಂದ ಬೇಕೆಂದಷ್ಟು ಕಡಿಮೆ ಅಂತರದಲ್ಲಿ ಸಿಗುತ್ತದೆ ಎಂದು ತೋರಿಸಬೇಕು.

ಮೊದಲ ಹೆಜ್ಜೆ ಮೊದಲಿನದೇ. ಅಂತರ |5t² − 45|. ಹೈಸ್ಕೂಲಿನ a² − b² ಸೂತ್ರ ಹಾಕಿದರೆ ಅದು 5|t − 3||t + 3|. ಇದರಲ್ಲಿ |t − 3| ಎಂಬುದು δ ದ ಹಿಡಿತದಲ್ಲಿದೆ. ಆದರೆ ಅದನ್ನು ಗುಣಿಸುತ್ತಿರುವುದು ಹಿಂದಿನಂತೆ 5 ಎಂಬ ಸ್ಥಿರ ಸಂಖ್ಯೆಯಲ್ಲ, 5|t + 3|. t ಬದಲಾದಂತೆ ಅದೂ ಬದಲಾಗುತ್ತದೆ.

ಇಲ್ಲಿ ಕೈ ತಾನಾಗಿ ಬರೆಯುವುದು δ = ε/(5|t + 3|) ಎಂದು. ಬೀಜಗಣಿತ ನೋಡಿದರೆ ಎಲ್ಲ ಸರಿಯಾಗಿರುವಂತೆಯೇ ಕಾಣುತ್ತದೆ. ಆದರೆ ಸರದಿ ತಪ್ಪಿದೆ. δ ಕೊಡುವ ಹೊತ್ತಿಗೆ t ಇನ್ನೂ ಹುಟ್ಟಿಯೇ ಇಲ್ಲ. δ ನೋಡಿಕೊಂಡು t ಅನ್ನು ಆರಿಸುವುದು ಎದುರಾಳಿ. ಉತ್ತರಪತ್ರಿಕೆಯಲ್ಲಿ δ ದ ಸೂತ್ರದೊಳಗೆ t ಅಥವಾ x ಕಂಡರೆ ಸಾಧನೆ ಕೆಟ್ಟಿದೆ ಎಂದು ಅಲ್ಲೇ ತಿಳಿಯಬಹುದು.

ಇನ್ನೊಂದು ತಪ್ಪು ಇದಕ್ಕಿಂತ ನಯವಾದದ್ದು. t ಹೇಗೂ 3ರ ಪಕ್ಕದಲ್ಲೇ ಇದೆ, ಹಾಗಾಗಿ t + 3 ಸುಮಾರು 6, ಗುಣಕ ಸುಮಾರು 30, ಆದ್ದರಿಂದ δ = ε/30 ಎಂದು ಬರೆಯುವುದು. ಇದನ್ನು ಅಂಕಿಯಲ್ಲೇ ಪರೀಕ್ಷಿಸಬಹುದು. ε ಅನ್ನು 0.7 ಮೀಟರ್ ಎಂದಿಟ್ಟುಕೊಂಡರೆ δ ಸುಮಾರು 0.02333 ಸೆಕೆಂಡು. ಎದುರಾಳಿ t = 3.0233 ಆರಿಸುತ್ತಾರೆ, ಅದು δ ದ ಒಳಗೇ ಇದೆ. ಆಗ 5t² ಎಂದರೆ 45.7017. ಅಂತರ 0.7017 ಮೀಟರ್. ಷರತ್ತು ಎರಡು ಮಿಲಿಮೀಟರಿಗೂ ಕಡಿಮೆಯಲ್ಲಿ ಮುರಿದುಬಿತ್ತು. ಎಷ್ಟೇ ಕಡಿಮೆಯಾದರೂ ಮುರಿದದ್ದು ಮುರಿದದ್ದೇ.

ಯಾಕೆ ಮುರಿಯಿತು ಎಂಬುದಕ್ಕೆ ಕಲ್ಲಿನಲ್ಲೇ ಉತ್ತರವಿದೆ. 5(t + 3) ಎಂಬ ಆ ಗುಣಕ ಬೇರೇನೂ ಅಲ್ಲ, 3ರಿಂದ t ಸೆಕೆಂಡಿನವರೆಗಿನ ಸರಾಸರಿ ವೇಗ. t ಬದಲು 3 + h ಎಂದು ಬರೆದರೆ ಅದು ಮೊದಲಿನ 30 + 5h ಆಗಿಬಿಡುತ್ತದೆ. ಮೂರನೇ ಸೆಕೆಂಡು ದಾಟಿದ ಕೂಡಲೇ ಕಲ್ಲಿನ ವೇಗ 30ಕ್ಕಿಂತ ಹೆಚ್ಚು. ಆದ್ದರಿಂದ 30 ಎಂದು ಹಿಡಿದ ಲೆಕ್ಕ ಯಾವಾಗಲೂ ಸ್ವಲ್ಪ ಕಡಿಮೆಯೇ ಬೀಳುತ್ತದೆ. ಸಾಧನೆಗೆ ‘ಸುಮಾರು’ ಸಾಲದು, ಎಂದೂ ಮೀರಲಾಗದ ಒಂದು ಮೇಲ್ಮಿತಿ ಬೇಕು.

ಆ ಮೇಲ್ಮಿತಿ ಸಿಗಬೇಕಾದರೆ t ಗೆ ಮೊದಲೇ ಒಂದು ಬೇಲಿ ಹಾಕಬೇಕು. t ಎಂಬುದು 3ರಿಂದ ಒಂದು ಸೆಕೆಂಡಿಗಿಂತ ಹೆಚ್ಚು ದೂರ ಹೋಗಕೂಡದು ಎಂದಿಟ್ಟುಕೊಳ್ಳೋಣ. δ ಅನ್ನು ಆರಿಸುವ ಅಧಿಕಾರ ಸಾಧಿಸುವವರದ್ದೇ ಆದ್ದರಿಂದ ಅದನ್ನು 1ಕ್ಕಿಂತ ದೊಡ್ಡದು ಮಾಡದಿರುವುದೂ ಅವರ ಕೈಯಲ್ಲೇ ಇದೆ. ಆಗ t ಇರುವುದು 2 ಮತ್ತು 4ರ ನಡುವೆ, t + 3 ಇರುವುದು 5 ಮತ್ತು 7ರ ನಡುವೆ. ಗುಣಕ ಏನೇ ಮಾಡಿದರೂ 35 ಅನ್ನು ಮುಟ್ಟುವುದಿಲ್ಲ. ಬೇಲಿಯೊಳಗೆ ಕಲ್ಲಿನ ಸರಾಸರಿ ವೇಗ ಸೆಕೆಂಡಿಗೆ 35 ಮೀಟರಿಗಿಂತ ಕಡಿಮೆ ಎಂದಾಯಿತು. t ಅಡಗಿ ಕೂತಿದ್ದ ಜಾಗಕ್ಕೆ ಈಗ ಒಂದು ಸ್ಥಿರ ಸಂಖ್ಯೆ ಬಂತು. ಮುಂದಿನದೆಲ್ಲ ಸರಳರೇಖೆಯ ಲೆಕ್ಕವೇ: 35|t − 3| ಎಂಬುದು ε ಗಿಂತ ಕಡಿಮೆ ಇರಬೇಕಾದರೆ |t − 3| ಎಂಬುದು ε/35 ಕ್ಕಿಂತ ಕಡಿಮೆ ಇರಬೇಕು.

ಈಗ ಷರತ್ತು ಎರಡಾದವು. δ ಎಂಬುದು 1 ಅನ್ನು ಮೀರಬಾರದು, ε/35 ಅನ್ನೂ ಮೀರಬಾರದು. ಎರಡರಲ್ಲಿ ಚಿಕ್ಕದನ್ನು ತೆಗೆದುಕೊಂಡರೆ ಎರಡೂ ನಡೆಯುತ್ತವೆ. ಪುಸ್ತಕಗಳಲ್ಲಿ ಕಾಣುವ min ಎಂಬ ಗುರುತಿಗೆ ಇಷ್ಟೇ ಅರ್ಥ.

ಯಾವುದೇ ε > 0 ಕೊಟ್ಟಿರಲಿ. δ = min(1, ε/35) ಎಂದು ಆರಿಸೋಣ. 0 < |t − 3| < δ ಆಗಿರಲಿ.
δ ≤ 1 ಆದ್ದರಿಂದ 2 < t < 4, ಹಾಗಾಗಿ |t + 3| < 7.
δ ≤ ε/35 ಆದ್ದರಿಂದ |5t² − 45| = 5|t + 3||t − 3| < 35|t − 3| < 35 · (ε/35) = ε.

ಮೊದಲಿನ ε = 0.7 ಅನ್ನೇ ಮತ್ತೆ ಒಡ್ಡಿದರೆ δ = 0.02 ಸೆಕೆಂಡು. t = 3.02 ಆದಾಗ ಕಲ್ಲು ಇಳಿದ ದೂರ 45.602 ಮೀಟರ್, t = 2.98 ಆದಾಗ 44.402 ಮೀಟರ್. ಬೇಲಿಯ ಅಂಚಿನಲ್ಲೂ ಅಂತರ ಸುಮಾರು 0.6 ಮೀಟರ್, ಷರತ್ತಿಗಿಂತ ಚೆನ್ನಾಗಿಯೇ ಕಡಿಮೆ.

min ಇಲ್ಲದೆ ಬರೀ ε/35 ಸಾಲದೇ ಎಂಬ ಅನುಮಾನ ಬರುವುದು ಸಹಜ. ε ಚಿಕ್ಕದಿರುವಾಗ ಸಾಲುತ್ತದೆ. ಎದುರಾಳಿ 105 ಮೀಟರಿನಂಥ ದೊಡ್ಡ ε ಹೇಳಿದರೆ ಮಾತ್ರ ಸಮಸ್ಯೆ. ಆಗ ε/35 ಎಂದರೆ 3 ಸೆಕೆಂಡು. t = 5.9 ಆರಿಸಿದರೆ ದೂರ 174.05 ಮೀಟರ್, ಅಂತರ 129.05 ಮೀಟರ್, ಷರತ್ತು ಮುರಿಯಿತು. 35 ಎಂಬ ಮೇಲ್ಮಿತಿ ನಿಂತಿದ್ದದ್ದು t ಬೇಲಿಯೊಳಗೆ ಇದ್ದಾಗ ಮಾತ್ರ. ಬೇಲಿ ಕಿತ್ತ ಮೇಲೆ ಅದನ್ನು ನೆಚ್ಚುವಂತಿಲ್ಲ.

ಬೇಲಿ ಒಂದು ಸೆಕೆಂಡಿನದೇ ಆಗಬೇಕೆಂದೇನೂ ಇಲ್ಲ. ಅರ್ಧ ಸೆಕೆಂಡಿನದು ಹಾಕಿದರೆ t + 3 ಎಂಬುದು 6.5ಕ್ಕಿಂತ ಕಡಿಮೆ, ಗುಣಕ 32.5ಕ್ಕಿಂತ ಕಡಿಮೆ, δ ಬದಲಾಗಿ min(1/2, ε/32.5) ಆಗುತ್ತದೆ. ಇದೂ ಸರಿಯಾದ ಸಾಧನೆಯೇ. ε = 0.7 ಆದಾಗ ಕೊಡಬಹುದಾದ ಅತಿ ದೊಡ್ಡ δ ಬೇಕೆಂದರೆ 9.14ರ ವರ್ಗಮೂಲ ತೆಗೆದು ಅದರಿಂದ 3 ಕಳೆಯಬೇಕು, ಸುಮಾರು 0.0232 ಬರುತ್ತದೆ. ಆದರೆ ಆ ಕಷ್ಟ ಯಾರೂ ಪಡಬೇಕಿಲ್ಲ. ಒಂದು δ ನಡೆಯುತ್ತದೆ ಎಂದಾದರೆ ಅದಕ್ಕಿಂತ ಚಿಕ್ಕ ಧನ ಸಂಖ್ಯೆಗಳೆಲ್ಲ ನಡೆಯುತ್ತವೆ. ವ್ಯಾಖ್ಯೆ ಕೇಳುವುದು ಕೆಲಸಕ್ಕೆ ಬರುವ ಒಂದು δ ಅನ್ನು, ಅತ್ಯುತ್ತಮವಾದದ್ದನ್ನಲ್ಲ. ಒಂದೇ ಲೆಕ್ಕಕ್ಕೆ ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ δ ಬರೆದು ಇಬ್ಬರೂ ಪೂರ್ತಿ ಅಂಕ ಪಡೆಯಬಹುದಾದದ್ದು ಇದೇ ಕಾರಣಕ್ಕೆ.

ಜಾಗ ಬದಲಾದರೆ

ರೇಖೆಗೂ ವರ್ಗಕ್ಕೂ ಇರುವ ಇನ್ನೊಂದು ವ್ಯತ್ಯಾಸ ಬೆಳಕಿಗೆ ಬರುವುದು ಮೂರನೇ ಸೆಕೆಂಡನ್ನು ಬಿಟ್ಟು ಬೇರೆ ಕಡೆ ಹೋದಾಗ. 30 + 5h ಗೆ h ಯಾವ ಸಂಖ್ಯೆಯ ಹತ್ತಿರವೇ ಇರಲಿ, δ = ε/5 ನಡೆಯುತ್ತದೆ. ಇಳಿಜಾರು ಎಲ್ಲ ಕಡೆಯೂ ಒಂದೇ. ಆದರೆ ಕಲ್ಲಿನ ದೂರವನ್ನು ಹತ್ತನೇ ಸೆಕೆಂಡಿನಲ್ಲಿ, ಅಂದರೆ 500 ಮೀಟರ್ ಇಳಿದಾಗ, ನೋಡಿದರೆ ಗುಣಕ 5(t + 10). ಒಂದು ಸೆಕೆಂಡಿನ ಅದೇ ಬೇಲಿಯೊಳಗೆ ಅದು 105ರವರೆಗೂ ಏರಬಹುದು. ಹಾಗಾಗಿ δ = min(1, ε/105). ಅದೇ 0.7 ಮೀಟರಿನ ಷರತ್ತಿಗೆ ಈಗ ಸುಮಾರು 0.0067 ಸೆಕೆಂಡಿನ ನಿಖರತೆ ಬೇಕು, ಮೊದಲಿನದರ ಮೂರನೇ ಒಂದು ಭಾಗ. ಕಲ್ಲು ವೇಗ ಪಡೆದಷ್ಟೂ ಗಡಿಯಾರ ನಿಲ್ಲಿಸುವವರಿಗೆ ಸಿಗುವ ಅವಕಾಶ ಕಿರಿದಾಗುತ್ತದೆ.

ಎಲ್ಲ ಕ್ಷಣಗಳಿಗೂ ಒಂದೇ δ ಕೊಡಲು ಬರುತ್ತದೆಯೇ ಎಂಬ ಪ್ರಶ್ನೆ ಇಲ್ಲಿಂದ ಹುಟ್ಟಿತು. ಕಲ್ಲು ಬೀಳುವ ಹೊತ್ತು 0ಯಿಂದ 10 ಸೆಕೆಂಡಿನೊಳಗೆ ಎಂದು ಗೊತ್ತಿದ್ದರೆ ಬರುತ್ತದೆ. ಆ ಅವಧಿಯ ಯಾವ ಎರಡು ಕ್ಷಣಗಳ ನಡುವೆಯೂ ಸರಾಸರಿ ವೇಗ ಸೆಕೆಂಡಿಗೆ 100 ಮೀಟರ್ ಮುಟ್ಟುವುದಿಲ್ಲ, ಆದ್ದರಿಂದ δ = ε/100 ಎಲ್ಲ ಕಡೆಯೂ ನಡೆಯುತ್ತದೆ. ಕಾಲಕ್ಕೆ ಕೊನೆಯೇ ಇಲ್ಲದಿದ್ದರೆ ವೇಗಕ್ಕೂ ಮೇಲ್ಮಿತಿ ಇಲ್ಲ, ಆಗ ಯಾವ ಒಂದು δ ಕೂಡ ಸಾಲದು. ಎರಡೂ ತುದಿಗಳನ್ನು ಒಳಗೊಂಡ ಇಂಥ ಅವಧಿಯ ಮೇಲೆ ಪ್ರತಿಯೊಂದು ನಿರಂತರ ಫಂಕ್ಷನ್ನಿಗೂ ಹೀಗೆ ಎಲ್ಲ ಕಡೆಯೂ ಒಪ್ಪುವ δ ಸಿಗುತ್ತದೆ ಎಂಬ ಪ್ರಮೇಯವನ್ನು ಜರ್ಮನಿಯ ಎಡ್ವರ್ಡ್ ಹೈನೆ 1872ರಲ್ಲಿ ಸಾಧನೆಯ ಸಮೇತ ಪ್ರಕಟಿಸಿದರು. ಬಿಎಸ್ಸಿ ವಿದ್ಯಾರ್ಥಿಗಳು ಇಂದು ‘ಯೂನಿಫಾರ್ಮ್ ಕಂಟಿನ್ಯುಟಿ’ ಎಂಬ ಹೆಸರಿನಲ್ಲಿ ಓದುವುದು ಇದನ್ನೇ.